ಇಂಟರ್ನ್‌ಶಿಪ್ ಅರ್ಜಿ: ಜಾತಿ ಪ್ರಮಾಣಪತ್ರದಿಂದಲೇ ಶುರು ಮಾಡಿ

ಶಿರಾ ತಾಲ್ಲೂಕಿನ ಹುಡುಗಿ. ತುಮಕೂರಿನಲ್ಲಿ ಎಂ.ಎಸ್ಸಿ. ಓದುತ್ತಾಳೆ. ಕುರುಬ ಸಮುದಾಯ, ನಮ್ಮ ರಾಜ್ಯದಲ್ಲಿ ಪ್ರವರ್ಗ 2ಎ. ಕೇಂದ್ರದ ಸಂಶೋಧನಾ ಇಂಟರ್ನ್‌ಶಿಪ್ ಪೋರ್ಟಲ್‌ನಲ್ಲಿ OBC-NCL, ಅಂದರೆ ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ ಎಂದು ಆರಿಸಿ, ಕಾಲೇಜು ಸೇರುವಾಗ ಮಾಡಿಸಿದ್ದ ಜಾತಿ-ಆದಾಯ ಪ್ರಮಾಣಪತ್ರವನ್ನೇ ಅಪ್‌ಲೋಡ್ ಮಾಡಿದಳು. ಪರಿಶೀಲನೆಯಲ್ಲಿ ಅದು ನಡೆಯಲಿಲ್ಲ. ಪ್ರತಿ ವರ್ಷ ನಮ್ಮ ಕಡೆಯ ಮಕ್ಕಳು ಎಡವುವುದು ಇಲ್ಲೇ.

ಮೊದಲು ಕೈಯಲ್ಲಿರುವ ಕಾಗದ ಓದಿ. 'ಪ್ರವರ್ಗ 2ಎ' ಎಂದಿದ್ದರೆ ಅದು ರಾಜ್ಯದ್ದು. ಕೇಂದ್ರದ ನಮೂನೆಯಲ್ಲಿ ಪ್ರವರ್ಗ ಇರುವುದಿಲ್ಲ. ಭಾರತ ಸರ್ಕಾರದ ಆದೇಶದ ಉಲ್ಲೇಖವಿರುತ್ತದೆ, ಅಭ್ಯರ್ಥಿ ಕೆನೆಪದರಕ್ಕೆ ಸೇರಿಲ್ಲ ಎಂಬ ಸಾಲಿರುತ್ತದೆ. ಆ ಸಾಲೇ ಮುಖ್ಯ. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ಹಾಗಾಗಿ ncbc.nic.in ನಲ್ಲಿ ಕರ್ನಾಟಕದ ಪಟ್ಟಿ ತೆರೆದು ನಿಮ್ಮ ಜಾತಿ ಹುಡುಕಿ.

ಇದ್ದರೆ ನಾಡಕಚೇರಿಯಲ್ಲಿ ಕೇಂದ್ರದ ಒಬಿಸಿ ಪ್ರಮಾಣಪತ್ರ ಬೇಕೆಂದು ಬಿಡಿಸಿ ಹೇಳಿ. ಸುಮ್ನೆ 'ಜಾತಿ ಸರ್ಟಿಫಿಕೇಟ್' ಎಂದರೆ ರಾಜ್ಯದ್ದೇ ಬರಬಹುದು. ಕೆನೆಪದರದ ಮಿತಿ ವರ್ಷಕ್ಕೆ 8 ಲಕ್ಷ ರೂಪಾಯಿ. ಈ ಲೆಕ್ಕಕ್ಕೆ ಅಪ್ಪ-ಅಮ್ಮನ ಸಂಬಳವಾಗಲಿ ಬೇಸಾಯದ ಆದಾಯವಾಗಲಿ ಸೇರುವುದಿಲ್ಲ. ರಾಗಿ, ಕಡಲೆಕಾಯಿ ಬೆಳೆಯುವ ಮನೆಯವರು ಹೆದರಿ ಅರ್ಜಿಯನ್ನೇ ಬಿಡುವುದನ್ನು ನೋಡಿದಾಗ ಬೇಸರವಾಗುತ್ತದೆ. ಆದರೆ ದೊಡ್ಡ ಸರ್ಕಾರಿ ಹುದ್ದೆಗಳಿಗೆ ಮತ್ತು ಜಾಸ್ತಿ ನೀರಾವರಿ ಜಮೀನಿಗೆ ಬೇರೆ ನಿಯಮಗಳಿವೆ.

ಅರ್ಜಿ ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕರ ವರದಿ ದಾಟಿ ತಹಶೀಲ್ದಾರರ ಸಹಿಗೆ ಹೋಗಬೇಕು. ಆದ್ದರಿಂದ ಕೊನೆಯ ದಿನಾಂಕ ಗೊತ್ತಾದ ದಿನವೇ ಅರ್ಜಿ ಹಾಕಿ, ಆರ್‌ಡಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಪ್ರಕಟಣೆಯಲ್ಲಿ ಪ್ರಮಾಣಪತ್ರದ ದಿನಾಂಕದ ಷರತ್ತನ್ನೂ ನೋಡಿ. ಎಷ್ಟೋ ಕಡೆ ಏಪ್ರಿಲ್ 1ರ ನಂತರ ಕೊಟ್ಟದ್ದೇ ಬೇಕು ಅನ್ನುತ್ತಾರೆ. ಫೆಬ್ರುವರಿಯಲ್ಲಿ ಪಡೆದದ್ದು ಅರ್ಜಿಗೆ ಸಾಕಾದರೂ, ಮೇ ತಿಂಗಳಲ್ಲಿ ಸೇರುವಾಗ ಹೊಸದು ಕೇಳಬಹುದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಈ ಕೆನೆಪದರದ ತೊಡಕಿಲ್ಲ.

ಅಪ್‌ಲೋಡ್ ಮಾಡುವಾಗ ಪ್ರಿಂಟ್‌ನ ಫೋಟೋ ಬೇಡ. ನಾಡಕಚೇರಿ ತಾಣದಿಂದ ಇಳಿಸಿಕೊಂಡ ಪಿಡಿಎಫ್ ಅನ್ನೇ ಹಾಕಿ. ಅದರಲ್ಲಿ ಡಿಜಿಟಲ್ ಸಹಿ ಇರುತ್ತದೆ, ಅಕ್ಷರವೂ ಮಸುಕಾಗುವುದಿಲ್ಲ. ಕಾಲೇಜಿನ ಒಪ್ಪಿಗೆ ಪತ್ರದಂಥ ಕಾಗದವನ್ನು ಸ್ಕ್ಯಾನ್ ಮಾಡಿದರೆ, ಫೈಲ್ ಕುಗ್ಗಿಸಿದ ಮೇಲೆ ತೆರೆದು ನೋಡಿ. ಮೊಹರಿನ ಅಕ್ಷರ ಓದಲಾಗದಿದ್ದರೆ ಮತ್ತೆ ಸ್ಕ್ಯಾನ್ ಮಾಡಿ.

ಕೊನೆಗೆ Save ಒತ್ತಿ ಎದ್ದುಬಿಡಬೇಡಿ. ಅದು ಬರೀ ಕರಡು. Submit ಒತ್ತಿ, ಅರ್ಜಿ ಸಂಖ್ಯೆ ಬಂದ ಮೇಲೆ ಹೊರಗೆ ಬನ್ನಿ. ಮತ್ತೆ ಲಾಗಿನ್ ಆಗಿ, ಪ್ರಮಾಣಪತ್ರದ ಜಾಗದಲ್ಲಿ ಸರಿಯಾದ ಫೈಲೇ ತೆರೆಯುತ್ತದೆಯೇ ಅಂತ ನೋಡಿ. ಕೊನೆಯ ದಿನಕ್ಕೆ ಎರಡು ದಿನ ಮೊದಲೇ ಇದನ್ನು ಮಾಡಿದರೆ, ತಪ್ಪು ಕಂಡರೂ ಸಹಾಯವಾಣಿಗೆ ಬರೆದು ಕೇಳಲು ಸಮಯ ಸಿಗುತ್ತದೆ.