ಬೆರಳಿಟ್ಟರೂ ಫೋನ್ ತೆರೆಯದ ಹಾಗೆ ಲಾಕ್ ಮಾಡುವುದು ಹೇಗೆ?

ನಿದ್ದೆಯಲ್ಲಿರುವವರ ಬೆರಳನ್ನು ಮೆಲ್ಲಗೆ ಎತ್ತಿ ಸೆನ್ಸರ್ ಮೇಲೆ ಇಟ್ಟರೆ ಫೋನ್ ತೆರೆದುಕೊಳ್ಳುತ್ತದೆ. ಅದಕ್ಕೆ ಬೇಕಿರುವುದು ಬೆರಳಿನ ಗೆರೆ ಮಾತ್ರ. ಬೆರಳಿನವರು ಎಚ್ಚರವಾಗಿದ್ದಾರಾ, ಒಪ್ಪಿ ಇಟ್ಟಿದ್ದಾರಾ ಎಂದು ಅದು ನೋಡುವುದಿಲ್ಲ. ಮುಖದ ಲಾಕ್ ಸ್ವಲ್ಪ ವಾಸಿ. ಐಫೋನಿನ ಫೇಸ್ ಐಡಿ, ಮಾಮೂಲಿ ಸೆಟ್ಟಿಂಗ್‌ನಲ್ಲಿ, ಕಣ್ಣು ತೆರೆದು ಫೋನ್ ಕಡೆ ನೋಡುತ್ತಿದ್ದರೆ ಮಾತ್ರ ಒಪ್ಪುತ್ತದೆ. ಆದರೆ ಎಚ್ಚರವಾಗಿರುವವರ ಮುಖದ ಮುಂದೆ ಫೋನ್ ಹಿಡಿದು ‘ಇಲ್ನೋಡು’ ಎಂದರೆ ಅದರ ಕಥೆಯೂ ಮುಗಿಯಿತು.

ಪಿನ್ ಹಾಗಲ್ಲ. ಅದು ತಲೆಯೊಳಗೆ ಇರುತ್ತದೆ. ನೀವಾಗಿ ಹೇಳಬೇಕು, ಇಲ್ಲವೇ ನೀವಾಗಿ ಒತ್ತಬೇಕು. ಬೆರಳು ಮತ್ತು ಮುಖವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಪಿನ್ ಒಂದನ್ನೇ ಕೇಳುವ ಹಾಗೆ ಫೋನನ್ನು ಮಾಡಿಡುವ ಸೌಲಭ್ಯ ಹೆಚ್ಚಿನ ಫೋನ್‌ಗಳಲ್ಲಿ ಇದೆ. ಆಂಡ್ರಾಯ್ಡ್‌ನಲ್ಲಿ ಇದರ ಹೆಸರು ಲಾಕ್‌ಡೌನ್. 2018ರಲ್ಲಿ ಬಂದ ಆಂಡ್ರಾಯ್ಡ್ 9ರಿಂದ ಇದೆ. ಐಫೋನ್‌ನಲ್ಲಿ ಇದಕ್ಕೆ ಬೇರೆ ಹೆಸರೇ ಇಲ್ಲ, ಗುಂಡಿ ಒತ್ತುವ ಒಂದು ಉಪಾಯ ಅಷ್ಟೇ. ಎರಡರಲ್ಲೂ ಒಮ್ಮೆ ಸರಿಯಾದ ಪಿನ್ ಹಾಕಿದರೆ ಸಾಕು, ಬೆರಳೂ ಮುಖವೂ ಮೊದಲಿನಂತೆ ಕೆಲಸ ಮಾಡುತ್ತವೆ. ಉಳಿಸಿಟ್ಟ ಬೆರಳಚ್ಚು ಅಳಿಸಿಹೋಗುವುದಿಲ್ಲ.

ಆಂಡ್ರಾಯ್ಡ್‌ನಲ್ಲಿ

ಪಿಕ್ಸೆಲ್ ಫೋನ್ ಇದ್ದವರು ಪವರ್ ಗುಂಡಿ ಮತ್ತು ವಾಲ್ಯೂಮ್ ಜಾಸ್ತಿ ಮಾಡುವ ಗುಂಡಿಯನ್ನು ಒಟ್ಟಿಗೆ ಒತ್ತಿ. ಫೋನ್ ಆಫ್ ಮಾಡುವ ಮೆನು ಬರುತ್ತದೆ. ಅದರಲ್ಲಿ Lockdown ಮುಟ್ಟಿ. ಅಷ್ಟೇ, ಪರದೆ ತಕ್ಷಣ ಲಾಕ್ ಆಗುತ್ತದೆ.

ಸ್ಯಾಮ್‌ಸಂಗ್‌ನಲ್ಲಿ ಮೊದಲು ಒಮ್ಮೆ ಸೆಟ್ಟಿಂಗ್ ಬದಲಿಸಬೇಕು. Settings ತೆರೆದು Lock screen ಗೆ ಹೋಗಿ (ಕೆಲವು ಆವೃತ್ತಿಗಳಲ್ಲಿ ಅದು Lock screen and AOD ಎಂದಿರುತ್ತದೆ). ಅಲ್ಲಿ Secure lock settings ಮುಟ್ಟಿದರೆ ನಿಮ್ಮ ಪಿನ್ ಕೇಳುತ್ತದೆ. ಒಳಗೆ Show Lockdown option ಎಂಬುದನ್ನು ಆನ್ ಮಾಡಿ. ಇನ್ನು ಮುಂದೆ ಪಕ್ಕದ ಗುಂಡಿ ಮತ್ತು ವಾಲ್ಯೂಮ್ ಕಡಿಮೆ ಮಾಡುವ ಗುಂಡಿಯನ್ನು ಒಟ್ಟಿಗೆ ಒತ್ತಿ ಹಿಡಿದರೆ ಬರುವ ಮೆನುವಿನಲ್ಲಿ ಲಾಕ್‌ಡೌನ್ ಕೂಡ ಇರುತ್ತದೆ. ಒತ್ತಿ ಹಿಡಿಯಬೇಕು ಎಂಬುದು ನೆನಪಿರಲಿ. ಬೇಗ ಬಿಟ್ಟರೆ ಸುಮ್ನೆ ಒಂದು ಸ್ಕ್ರೀನ್‌ಶಾಟ್ ಬಿದ್ದು, ಫೋನ್ ಲಾಕ್ ಆಯಿತೆಂದು ನೀವು ನಂಬಿಕೊಂಡು ಕೂರುತ್ತೀರಿ.

ಬೇರೆ ಕಂಪನಿಯ ಫೋನ್‌ಗಳಲ್ಲಿ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ lockdown ಎಂದು ಬರೆದು ನೋಡಿ. ಕೆಲವು ಮಾಡೆಲ್‌ಗಳಲ್ಲಿ ಈ ಆಯ್ಕೆಯೇ ಇರುವುದಿಲ್ಲ. ಅಂಥ ಫೋನನ್ನು ರೀಸ್ಟಾರ್ಟ್ ಮಾಡಿ. ಆನ್ ಆದ ಮೇಲೆ ಮೊದಲ ಸಲ ಅದು ಪಿನ್ನನ್ನೇ ಕೇಳುತ್ತದೆ.

ಆಂಡ್ರಾಯ್ಡ್ ಲಾಕ್‌ಡೌನ್ ಇನ್ನೂ ಎರಡು ಕೆಲಸ ಮಾಡುತ್ತದೆ. ಲಾಕ್ ಪರದೆಯ ಮೇಲೆ ಬರುವ ಮೆಸೇಜ್‌ಗಳನ್ನು ಪೂರ್ತಿ ಮರೆ ಮಾಡುತ್ತದೆ. ಮನೆಯಲ್ಲಿದ್ದಾಗ ಅಥವಾ ವಾಚ್ ಹತ್ತಿರವಿದ್ದಾಗ ಲಾಕ್ ಬೇಡ ಎಂದು ನೀವು ಹಿಂದೆ ಕೊಟ್ಟಿದ್ದ ಸಡಿಲಿಕೆಯನ್ನೂ ತಡೆಹಿಡಿಯುತ್ತದೆ. ಬ್ಯಾಂಕಿನ ಒಟಿಪಿ ಲಾಕ್ ಪರದೆಯ ಮೇಲೇ ಕಾಣುವವರಿಗೆ ಮೊದಲನೆಯದು ಬೆರಳಚ್ಚಿಗಿಂತ ದೊಡ್ಡ ಉಪಕಾರ.

ಐಫೋನ್‌ನಲ್ಲಿ

ಪಕ್ಕದ ಗುಂಡಿ ಮತ್ತು ಎರಡರಲ್ಲಿ ಯಾವುದಾದರೂ ಒಂದು ವಾಲ್ಯೂಮ್ ಗುಂಡಿಯನ್ನು ಒಟ್ಟಿಗೆ ಹಿಡಿಯಿರಿ. ಫೋನ್ ಆಫ್ ಮಾಡುವ ಪಟ್ಟಿ ಪರದೆಯ ಮೇಲೆ ಬಂದ ಕೂಡಲೇ ಕೈ ಬಿಡಿ. ಆ ಪಟ್ಟಿ ಬಂದಾಗಲೇ ಫೇಸ್ ಐಡಿ, ಟಚ್ ಐಡಿ ನಿಂತಿರುತ್ತವೆ. ಪಟ್ಟಿಯನ್ನು ಎಳೆಯುವ ಅಗತ್ಯವಿಲ್ಲ. Cancel ಒತ್ತಿದರೆ ಲಾಕ್ ಪರದೆಗೆ ಹೋಗುತ್ತದೆ. ಐಫೋನ್ 8 ಮತ್ತು ಅದರ ನಂತರದವುಗಳಿಗೆ ಇದೇ ಕ್ರಮ. ಪರದೆ ನೋಡಬೇಕೆಂದೂ ಇಲ್ಲ, ಜೇಬಿನೊಳಗೇ ಮಾಡಬಹುದು. ಈ ವಿಷಯದಲ್ಲಿ ಐಫೋನ್ ಮುಂದಿದೆ. ಆಂಡ್ರಾಯ್ಡ್‌ನಲ್ಲಿ ಮೆನು ನೋಡಿ ಮುಟ್ಟಲೇಬೇಕು.

ಜೇಬಿನಲ್ಲಿ ಮಾಡುವಾಗ ಒಂದು ಅಪಾಯ ಇದೆ. ಅದೇ ಗುಂಡಿಗಳನ್ನು ಬಿಡದೆ ಹಿಡಿದೇ ಇದ್ದರೆ ಎಸ್‌ಒಎಸ್ ಎಣಿಕೆ ಶುರುವಾಗಿ, ಕೊನೆಗೆ ತುರ್ತು ಸೇವೆಗೆ ಕರೆ ಹೋಗಬಹುದು. ಇದನ್ನು ನಿಯಂತ್ರಿಸುವ ಸೆಟ್ಟಿಂಗ್ Emergency SOS ಒಳಗೆ Call with Hold and Release ಎಂದಿದೆ. ಅದನ್ನು ಆಫ್ ಮಾಡಿ ಎಂದು ನಾನು ಹೇಳುವುದಿಲ್ಲ, ನಿಜವಾಗಿ ಬೇಕಾಗುವ ದಿನ ಬರಬಹುದು. ಎಷ್ಟು ಹೊತ್ತು ಹಿಡಿದರೆ ಸಾಕು ಎಂಬುದನ್ನು ಮನೆಯಲ್ಲಿ ಪರದೆ ನೋಡಿಕೊಂಡು ಕೈಗೆ ರೂಢಿ ಮಾಡಿಸಿ.

ಐಫೋನ್ ಸೆಟ್ಟಿಂಗ್ಸ್‌ನಲ್ಲಿ Lockdown Mode ಎಂಬ ಆಯ್ಕೆ ಇದೆಯಲ್ಲ, ಅದು ಇದಲ್ಲ. 2022ರಲ್ಲಿ ಐಒಎಸ್ 16ರ ಜೊತೆ ಬಂದ ಅದು ದುಬಾರಿ ಬೇಹುಗಾರಿಕೆ ಸಾಫ್ಟ್‌ವೇರ್‌ಗಳನ್ನು ತಡೆಯಲಿಕ್ಕೆ ಇರುವುದು. ಮೆಸೇಜಿನ ಅಟ್ಯಾಚ್‌ಮೆಂಟ್, ಅಪರಿಚಿತರ ಫೇಸ್‌ಟೈಮ್ ಕರೆ ಎಲ್ಲವನ್ನೂ ಬಿಗಿ ಮಾಡುತ್ತದೆ. ಆದರೆ ಫೇಸ್ ಐಡಿಯನ್ನು ಮುಟ್ಟುವುದೇ ಇಲ್ಲ. ಅದನ್ನು ಆನ್ ಮಾಡಿ, ಇನ್ನು ನನ್ನ ಮುಖಕ್ಕೆ ಫೋನ್ ತೆರೆಯುವುದಿಲ್ಲ ಎಂದುಕೊಂಡರೆ ಕೆಟ್ಟಂತೆ.

ಆಯಿತೋ ಇಲ್ಲವೋ ಪರೀಕ್ಷೆ ಮಾಡಿ

ಲಾಕ್ ಮಾಡಿದ ಮೇಲೆ ನಿಮ್ಮದೇ ಬೆರಳು ಇಟ್ಟು ನೋಡಿ, ಮುಖ ತೋರಿಸಿ ನೋಡಿ. ಫೋನ್ ತೆರೆಯದೆ ಪಿನ್ ಕೇಳಬೇಕು. ಐಫೋನ್‌ನಲ್ಲಿ Your passcode is required to enable Face ID ಎಂಬ ಸಾಲು ಕಾಣುತ್ತದೆ. ಪಿನ್ ಹಾಕಿದಿರೋ, ಲಾಕ್‌ಡೌನ್ ಮುಗಿಯಿತು. ಹಾಗಾಗಿ ಪರೀಕ್ಷೆಗೆಂದು ಫೋನ್ ತೆರೆದವರು ಇನ್ನೊಮ್ಮೆ ಲಾಕ್‌ಡೌನ್ ಮಾಡಲು ಮರೆಯಬಾರದು. ಎಷ್ಟೋ ಜನ ಎಡವುವುದು ಇಲ್ಲೇ.

ಯಾವಾಗ ಬೇಕು?

ದಿನವೂ ಬೇಡ. ನಿಮ್ಮ ದೇಹ ನಿಮ್ಮ ಮಾತು ಕೇಳದಂಥ ಹೊತ್ತಿಗೆ ಇದು ಸರಿ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬರಿಗೆ ಬೆಳಿಗ್ಗೆ ಆಪರೇಷನ್ ಇದೆ, ಪೂರ್ತಿ ಅರಿವಳಿಕೆ ಕೊಡುತ್ತಾರೆ. ಫೋನ್ ಬಟ್ಟೆಯ ಚೀಲದಲ್ಲಿ ಇರುತ್ತದೆ, ಚೀಲ ಯಾರ್ಯಾರದೋ ಕೈ ದಾಟುತ್ತದೆ. ವಾರ್ಡಿಗೆ ತಂದು ಮಲಗಿಸಿದ ಮೇಲೂ ಕೆಲವು ಗಂಟೆ ಮಂಪರು. ಆ ಹೊತ್ತಿನಲ್ಲಿ ಫೋನ್ ತಂದು ಅವರ ಬೆರಳಿಗೆ ತಾಗಿಸುವುದು ಕಷ್ಟವೇನಲ್ಲ. ಇನ್ನೊಂದು ವಿಷಯ: ಅವರ ಬ್ಯಾಂಕಿನ ಆ್ಯಪ್ ಕೂಡ ಅದೇ ಬೆರಳಿಗೆ ತೆರೆಯುತ್ತದೆ. ಅಂದರೆ ಎರಡು ಬಾಗಿಲಿಗೂ ಒಂದೇ ಬೀಗದ ಕೈ. ಒಳಗೆ ಹೋಗುವ ಮುನ್ನ ಲಾಕ್‌ಡೌನ್ ಮಾಡಿದರೆ ಮೊದಲ ಬಾಗಿಲೇ ತೆರೆಯುವುದಿಲ್ಲ.

ಆದರೆ ಹಾಗೆ ಮಾಡುವ ಮುನ್ನ ಅವರು ಎರಡು ವಿಷಯ ಯೋಚಿಸಬೇಕು. ಒಂದು, ಮನೆಯವರಿಗೆ ಆ ಫೋನಿನಿಂದ ಏನಾದರೂ ಬೇಕಾ? ವಿಮೆಯ ಕಾಗದವೋ ಯಾರದೋ ನಂಬರೋ ಒಳಗಿದ್ದರೆ ಮೊದಲೇ ಕಳಿಸಿಬಿಡಬೇಕು. ಲಾಕ್ ಪರದೆಯಿಂದ ತುರ್ತು ಕರೆ ಮಾಡಬಹುದು. ರಕ್ತದ ಗುಂಪು, ಅಲರ್ಜಿಯಂಥ ವಿವರವನ್ನು ಮೊದಲೇ ತುಂಬಿಸಿಟ್ಟಿದ್ದರೆ ಅದನ್ನೂ ಅಲ್ಲೇ ನೋಡಬಹುದು. ಅದಕ್ಕಿಂತ ಜಾಸ್ತಿ ಏನೂ ಸಿಗುವುದಿಲ್ಲ. ಎರಡು, ಎಚ್ಚರವಾದ ಮೇಲೆ ಪಿನ್ ನೆನಪಾಗುತ್ತಾ? ದಿನವೂ ಬೆರಳಿಟ್ಟೇ ತೆರೆಯುವವರಿಗೆ ಪಿನ್ ಮರೆತುಹೋಗುವುದು ಅಪರೂಪವಲ್ಲ, ಮಂಪರಿನಲ್ಲಂತೂ ಕೇಳುವುದೇ ಬೇಡ. ತಪ್ಪು ಪಿನ್ ಹಾಕುತ್ತಾ ಹೋದಷ್ಟೂ ಫೋನ್ ಜಾಸ್ತಿ ಹೊತ್ತು ಕಾಯಿಸುತ್ತದೆ. ಐಫೋನ್‌ನಲ್ಲಿ Erase Data ಆನ್ ಆಗಿದ್ದರೆ ಹತ್ತು ಸಲ ತಪ್ಪಿದಾಗ ಎಲ್ಲವೂ ಅಳಿಸಿಹೋಗುತ್ತದೆ. ಹಿಂದಿನ ಎರಡು ದಿನ ಬೇಕೆಂದೇ ಪಿನ್ ಒತ್ತಿ ತೆರೆದರೆ ಕೈಗೆ ನೆನಪಿರುತ್ತದೆ.

ರಾತ್ರಿ ಬಸ್ಸಿನಲ್ಲಿ ಅಪರಿಚಿತರ ಪಕ್ಕ ನಿದ್ದೆ, ಫೋನ್ ಇಣುಕುವ ಚಟವಿರುವವರ ಜೊತೆ ಒಂದೇ ಕೋಣೆ, ಇವಕ್ಕೂ ಇದೇ ಲೆಕ್ಕ. ಪ್ರತಿಭಟನೆಗೆ ಹೋಗುವವರು, ಗಡಿ ತಪಾಸಣೆ ದಾಟುವವರು ಕೂಡ ಇದನ್ನು ಬಳಸುತ್ತಾರೆ. ಅಲ್ಲಿ ಕಾನೂನಿನ ಪ್ರಶ್ನೆ ಬರುತ್ತದೆ, ಮತ್ತು ಅದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲೇ ಬೆರಳಿಡಲು ಒತ್ತಾಯಿಸಬಹುದೇ ಎಂಬ ಬಗ್ಗೆ 2024ರಲ್ಲಿ ಮತ್ತು 2025ರಲ್ಲಿ ಎರಡು ಮೇಲ್ಮನವಿ ಕೋರ್ಟ್‌ಗಳು ಬೇರೆ ಬೇರೆ ದಿಕ್ಕಿನ ತೀರ್ಪು ಕೊಟ್ಟಿವೆ.

ಯಾವಾಗ ಉಪಯೋಗವಿಲ್ಲ?

ತೆರೆದಿರುವ ಫೋನನ್ನು ಕೈಯಿಂದ ಕಿತ್ತುಕೊಂಡು ಓಡಿದರೆ ಲಾಕ್‌ಡೌನ್ ಏನೂ ಮಾಡಲಾರದು. ಅದು ಮೊದಲೇ ಮಾಡಿಡುವ ಕೆಲಸ. ಬೆದರಿಸಿ ಪಿನ್ ಕೇಳುವವರ ಮುಂದೆಯೂ ಇದು ರಕ್ಷಣೆಯಲ್ಲ. ಕತ್ತಿಗೆ ಕೊರಳು ಕೊಡುವಷ್ಟು ಬೆಲೆಯ ಗುಟ್ಟು ಯಾವ ಫೋನಿನಲ್ಲೂ ಇರುವುದಿಲ್ಲ, ಹೇಳಿಬಿಡಿ.

ಗದ್ದಲದ ಜಾಗದಲ್ಲಂತೂ ಇದು ತಿರುಗುಬಾಣ ಆಗಬಹುದು. ಹಿಂದೆ ನಿಂತು ಪಿನ್ ನೋಡಿಕೊಂಡು, ಆಮೇಲೆ ಫೋನ್ ಎಗರಿಸುವ ಕಳ್ಳರಿದ್ದಾರೆ. ಲಾಕ್‌ಡೌನ್ ಮಾಡಿದ ಫೋನನ್ನು ನೀವು ತೆರೆಯಬೇಕೆಂದರೆ ಎಲ್ಲರ ಎದುರು ಪಿನ್ ಒತ್ತಲೇಬೇಕು. ಅಂಥ ಕಡೆ ಬೆರಳೇ ಕ್ಷೇಮ. ಇದೇ ಕಾರಣಕ್ಕೆ ಆಪಲ್ 2024ರ ಜನವರಿಯಲ್ಲಿ Stolen Device Protection ತಂದಿತು. ಅದು ಆನ್ ಆಗಿದ್ದರೆ, ಪರಿಚಿತ ಜಾಗದಿಂದ ದೂರ ಇರುವಾಗ ಕೆಲವು ಮುಖ್ಯ ಕೆಲಸಗಳಿಗೆ ಪಿನ್ ಗೊತ್ತಿದ್ದರೂ ಸಾಲದು, ಮುಖ ಅಥವಾ ಬೆರಳು ಬೇಕೇ ಬೇಕು.

ಹುಟ್ಟಿದ ವರ್ಷವೇ ಪಿನ್ ಆಗಿದ್ದರೆ ಲಾಕ್‌ಡೌನ್‌ಗೆ ಅರ್ಥವಿಲ್ಲ. ಎಲ್ಲ ಭಾರವನ್ನೂ ಅದರ ಮೇಲೆ ಹೊರಿಸುತ್ತಿದ್ದೀರಲ್ವಾ? ಕನಿಷ್ಠ ಆರು ಅಂಕಿ ಇರಲಿ, ಮನೆಯವರು ಊಹಿಸಲಾಗದ್ದು ಇರಲಿ.

ಲಾಕ್‌ಡೌನ್ ಸಾಕೋ, ಆಫ್ ಮಾಡಬೇಕೋ?

ಫೋನ್ ಆನ್ ಆದ ಮೇಲೆ ನೀವು ಮೊದಲ ಸಲ ಪಿನ್ ಹಾಕಿದಾಗ, ಒಳಗಿನ ಮಾಹಿತಿಯನ್ನು ಬಿಡಿಸುವ ಕೀಲಿಗಳು ಮೆಮರಿಗೆ ಬರುತ್ತವೆ. ಪರದೆ ಲಾಕ್ ಆದರೂ ಅವುಗಳಲ್ಲಿ ಹೆಚ್ಚಿನವು ಅಲ್ಲೇ ಉಳಿಯುತ್ತವೆ. ಲಾಕ್‌ಡೌನ್ ಮಾಡಿದಾಗಲೂ ಅಷ್ಟೇ. ಅದಕ್ಕೇ ಕರೆ ಬಂದಾಗ ಹೆಸರು ಕಾಣುತ್ತದೆ, ಕಳೆದುಹೋದರೆ ಹುಡುಕಲು ಫೋನ್ ಜಾಲದಲ್ಲಿ ಇರುತ್ತದೆ. ಕುತೂಹಲದ ನೆಂಟರನ್ನು ತಡೆಯಲು ಇದು ಧಾರಾಳ ಸಾಕು. ಆದರೆ ಫೋನ್ ಭೇದಿಸುವ ಯಂತ್ರ ಇಟ್ಟುಕೊಂಡಿರುವವರಿಗೆ ಈ ಸ್ಥಿತಿಯ ಫೋನ್ ಸುಲಭ.

ಪೂರ್ತಿ ಆಫ್ ಮಾಡಿದರೆ ಕೀಲಿಗಳು ಮೆಮರಿಯಿಂದ ಹೋಗುತ್ತವೆ. ಮತ್ತೆ ಆನ್ ಆದರೂ ಪಿನ್ ಹಾಕುವ ತನಕ ಫೋಟೋ, ಚಾಟ್ ಎಲ್ಲ ಮುಚ್ಚಿಯೇ ಇರುತ್ತವೆ. ಆ ಸ್ಥಿತಿಯಲ್ಲಿ ಕರೆ ಬಂದರೆ ಹೆಸರಿನ ಬದಲು ಬರೀ ನಂಬರ್ ಕಾಣುತ್ತದೆ. ಇದು ಎಷ್ಟು ಗಟ್ಟಿ ಎಂದರೆ, ಬಹಳ ಹೊತ್ತು ತೆರೆಯದೆ ಬಿಟ್ಟ ಫೋನ್ ತಾನಾಗೇ ರೀಸ್ಟಾರ್ಟ್ ಆಗುವ ವ್ಯವಸ್ಥೆಯನ್ನು ಆಪಲ್ 2024ರಲ್ಲಿ, ಗೂಗಲ್ 2025ರಲ್ಲಿ ತಂದವು. ಎರಡರಲ್ಲೂ ಅವಧಿ ಮೂರು ದಿನ. ಗಡಿಯಲ್ಲಿ ಅಥವಾ ವಶಕ್ಕೆ ಪಡೆಯುವ ಸಾಧ್ಯತೆ ಇರುವ ಕಡೆ, ಸಮಯ ಇದ್ದರೆ ನಾನು ಆಫ್ ಮಾಡುವುದನ್ನೇ ಆರಿಸುತ್ತೇನೆ. ಸಮಯ ಇಲ್ಲದಿದ್ದರೆ ಮೊದಲು ಲಾಕ್‌ಡೌನ್, ಅವಕಾಶ ಸಿಕ್ಕ ಕೂಡಲೇ ಆಫ್.