ಚಂದಾ ರದ್ದಾದರೂ ಹಣ ಕಡಿತ ನಿಲ್ಲದಿದ್ದಾಗ

ಒಂದು ವಿಡಿಯೋ ಆ್ಯಪ್‌ನ ಚಂದಾ ರದ್ದು ಮಾಡಿದ್ದೆ, ‘ರದ್ದಾಗಿದೆ’ ಅಂತ ಇಮೇಲ್ ಕೂಡ ಬಂದಿತ್ತು. ಆದರೂ ಮುಂದಿನ ತಿಂಗಳು ಖಾತೆಯಿಂದ ₹199 ಹೋಯಿತು.

ಆ ಆ್ಯಪ್ ಅಳಿಸಿದ್ದರಿಂದ, ಅವರ ಸಹಾಯವಾಣಿಗೆ ಬರೆದಿದ್ದರಿಂದ ಏನೂ ಆಗಲಿಲ್ಲ. ಚಂದಾ ಇರುವುದು ಅವರ ಬಳಿ; ಹಣ ಎಳೆಯುವ ಅನುಮತಿ, ಅಂದರೆ ಮ್ಯಾಂಡೇಟ್, ಇರುವುದು ನಮ್ಮ ಯುಪಿಐ ಮತ್ತು ಬ್ಯಾಂಕಿನಲ್ಲಿ. ಅವರು ತಮ್ಮ ಕಡೆಯಿಂದ ಅದನ್ನೂ ರದ್ದು ಮಾಡದಿದ್ದರೆ ಅದು ಜೀವಂತವಾಗಿಯೇ ಇರುತ್ತದೆ.

ನಿಂತದ್ದು ಹೀಗೆ: ಮ್ಯಾಂಡೇಟ್‌ಗೆ ಒಪ್ಪಿಗೆ ಕೊಟ್ಟ ಅದೇ ಯುಪಿಐ ಆ್ಯಪ್ ತೆರೆಯಿರಿ. ನನ್ನದು ಗೂಗಲ್ ಪೇ. ಪ್ರೊಫೈಲ್ ಚಿತ್ರ ಒತ್ತಿ Autopay ಗೆ ಹೋಗಿ, ಚಾಲ್ತಿಯಲ್ಲಿರುವ ಪಟ್ಟಿಯಿಂದ ಆ ವ್ಯಾಪಾರಿಯನ್ನು ಆರಿಸಿ, Cancel autopay ಒತ್ತಿ, ಯುಪಿಐ ಪಿನ್ ಹಾಕಿ. ಪಿನ್ ಹಾಕುವ ಮುನ್ನ ಹೊರಬಂದರೆ ಏನೂ ಬದಲಾಗಿರುವುದಿಲ್ಲ, ಆದ್ದರಿಂದ ಪಟ್ಟಿಗೆ ಮರಳಿ ಸ್ಥಿತಿ ನೋಡಿ. ತಾತ್ಕಾಲಿಕ ವಿರಾಮದ ಆಯ್ಕೆ (Pause) ಕಂಡರೆ ಅದು ಬೇಡ, ಅವಧಿ ಮುಗಿದ ಮೇಲೆ ಕಡಿತ ಮತ್ತೆ ಶುರುವಾಗುತ್ತದೆ.

ಕಡಿತಕ್ಕೆ 24 ಗಂಟೆ ಮುಂಚೆ ಸೂಚನೆ ಬರಬೇಕು. ಅದು ಬಂದ ಕೂಡಲೇ ರದ್ದು ಮಾಡಿ. ಈಗಾಗಲೇ ಹೋದ ಹಣವನ್ನು ಮಾತ್ರ ವ್ಯಾಪಾರಿಯಿಂದಲೇ ಕೇಳಬೇಕು. ಸಾಲದ ಕಂತಾದರೆ ಮ್ಯಾಂಡೇಟ್ ತೆಗೆದರೂ ಬಾಕಿ ಹಾಗೇ ಉಳಿಯುತ್ತದೆ.