ಕೋಡಿಬಾಗದ ಮರಳು: ಲೆಕ್ಕಕ್ಕೆ ಯಾವ ತಿಂಗಳ ನೀರು?

ಕಾರವಾರದ ಕೋಡಿಬಾಗದ ಕಡೆ, ಕಾಳಿ ನದಿ ಸಮುದ್ರ ಸೇರುವಲ್ಲಿ, ಮೂರು ಮಹಡಿಯ ಲಾಡ್ಜ್ ಒಂದಕ್ಕೆ ಮಣ್ಣು ಪರೀಕ್ಷೆ ಮಾಡಿಕೊಟ್ಟಿದ್ದೆ. ಮೇಲಿನ ಆರು ಮೀಟರ್ ಸಡಿಲ ಮರಳು. ಅದರ ಕೆಳಗೆ ಗಟ್ಟಿ ನೆಲ. "ಇಲ್ಲೆಲ್ಲಿ ಭೂಕಂಪ ಸಾರ್?" ಎಂದರು ಮಾಲೀಕರು. ಕಟ್ಟಡಗಳಿಗೆ ಭೂಕಂಪದ ನಿಯಮ ಹೇಳುವ ಭಾರತೀಯ ಮಾನಕ ಐಎಸ್ 1893, ಅದರ 2016ರ ಆವೃತ್ತಿಯಲ್ಲಿ ನಮ್ಮ ಕರಾವಳಿ ಮೂರನೇ ವಲಯದಲ್ಲಿದೆ. 1967ರಲ್ಲಿ ನಡುಗಿದ ಕೊಯ್ನಾ ಇಲ್ಲಿಂದ ತೀರಾ ದೂರವೂ ಅಲ್ಲ. ಹಾಗಾಗಿ ಲೆಕ್ಕ ಮಾಡದೆ ಬಿಡುವಂತಿರಲಿಲ್ಲ.

ಸಡಿಲ ಮರಳು ಅಲುಗಿದರೆ ಕುಗ್ಗಲು ನೋಡುತ್ತದೆ. ಕಾಳುಗಳ ನಡುವೆ ನೀರು ತುಂಬಿದ್ದರೆ ಅಷ್ಟು ಬೇಗ ಜಾಗ ಬಿಟ್ಟುಕೊಡುವುದಿಲ್ಲ. ಆಗ ಮೇಲಿನ ಭಾರವನ್ನು ಕಾಳುಗಳ ಬದಲು ನೀರೇ ಹೊರಬೇಕಾಗುತ್ತದೆ, ಅದರ ಒತ್ತಡ ಏರುತ್ತದೆ. ಕಾಳಿಗೆ ಕಾಳು ಒತ್ತುವುದು ನಿಂತರೆ ನೆಲಕ್ಕೆ ಹಿಡಿತವೇ ಇರುವುದಿಲ್ಲ. ಇದನ್ನೇ ಲಿಕ್ವಿಫ್ಯಾಕ್ಷನ್ ಅನ್ನುವುದು. 1964ರಲ್ಲಿ ಜಪಾನಿನ ನಿಗಾಟಾದಲ್ಲಿ ಅಪಾರ್ಟ್‌ಮೆಂಟುಗಳು ಒಡೆಯದೆ, ಹಾಗೇ ಇಡಿಯಾಗಿ ವಾಲಿದ್ದು ಇದರಿಂದಲೇ.

ಬೋರ್ ಹಾಕಿದ್ದು ಮೇ ತಿಂಗಳಲ್ಲಿ. ಎಸ್‌ಪಿಟಿ ಪರೀಕ್ಷೆಯಲ್ಲಿ 63.5 ಕಿಲೋ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬಿಟ್ಟು, ಕೊಳವೆ ಕೊನೆಯ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಎಂದು ಎಣಿಸುತ್ತಾರೆ. ಇಲ್ಲಿ ಒಂದು ಕಡೆ ಕಣ್ಣಿಡಲೇಬೇಕು. ರಾಡ್ ಬೇಗ ಎಳೆದರೆ ಗುಂಡಿಯೊಳಗಿನ ನೀರು ಇಳಿಯುತ್ತದೆ, ಕೆಳಗಿನಿಂದ ಮರಳು ಉಕ್ಕಿ ಬರುತ್ತದೆ. ಆ ಉಕ್ಕಿದ ಮರಳಿಗೆ ಹೊಡೆದರೆ ಪೆಟ್ಟು ಕಡಿಮೆ ಬಂದು, ಚೆನ್ನಾಗಿದ್ದ ನೆಲವೂ ಕೆಟ್ಟದ್ದೆಂದು ಕಾಣುತ್ತದೆ. ಪತ್ತೆ ಸುಲಭ: ಟೇಪ್ ಇಳಿಬಿಟ್ಟು ಆಳ ನೋಡಿ. ಕೊರೆದಿದ್ದು 4 ಮೀಟರ್, ಟೇಪ್ 3.7ಕ್ಕೇ ನಿಂತರೆ ಮರಳು ಉಕ್ಕಿದೆ ಎಂದರ್ಥ. ಗುಂಡಿಯ ನೀರನ್ನು ಯಾವಾಗಲೂ ನೆಲದ ನೀರಿಗಿಂತ ಮೇಲೇ ಇಡಿಸಬೇಕು.

ನಾಲ್ಕು ಮೀಟರ್ ಆಳದಲ್ಲಿ, ಸುತ್ತಿಗೆ-ರಾಡ್‌ಗಳ ತಿದ್ದುಪಡಿ ಆದಮೇಲೆ 7 ಪೆಟ್ಟು ಬಂತು. ಮರಳು ಸ್ವಚ್ಛ, ಜೇಡಿಯ ಅಂಶ ಇಲ್ಲವೇ ಇಲ್ಲ ಅನ್ನಬಹುದು. ನೀರು ಸಿಕ್ಕಿದ್ದು 2.5 ಮೀಟರ್‌ನಲ್ಲಿ. ಭೂಕಂಪ ಆ ಮರಳಿನ ಮೇಲೆ ಹೇರುವ ಹೊರೆಗೆ ಸೂತ್ರ ಇದು:

```
CSR = 0.65 × (amax/g) × (σv/σ'v) × rd
```

amax/g ಅಂದರೆ ನೆಲ ಅಲುಗುವ ಗರಿಷ್ಠ ವೇಗೋತ್ಕರ್ಷ ಗುರುತ್ವದ ಎಷ್ಟು ಪಾಲು ಎಂಬುದು, ನಮ್ಮ ವಲಯಕ್ಕೆ 0.16. ಆಳಕ್ಕೆ ಹೋದಂತೆ ಅಲುಗಾಟ ತಗ್ಗುವುದನ್ನು ಹೇಳುವುದು rd, ನಾಲ್ಕು ಮೀಟರ್‌ಗೆ 0.97. ನಡುವಿನದು ಒಟ್ಟು ಭಾರಕ್ಕೂ, ಅದರಲ್ಲಿ ಕಾಳುಗಳು ನಿಜವಾಗಿ ಹೊರುವ ಭಾರಕ್ಕೂ ಇರುವ ಅನುಪಾತ. ಮೇ ತಿಂಗಳ ನೀರು ಹಾಕಿದರೆ 71 ಮತ್ತು 56 ಕಿಲೋಪಾಸ್ಕಲ್, CSR 0.127. ಏಳು ಪೆಟ್ಟನ್ನು ಆ ಆಳದ ಒತ್ತಡಕ್ಕೆ ಸರಿಹೊಂದಿಸಿದರೆ 9.3 ಆಗುತ್ತದೆ. 6.5 ತೀವ್ರತೆಯ ಭೂಕಂಪಕ್ಕೆ ಅಂಥ ಮರಳಿನ ತಾಳಿಕೆ ಸುಮಾರು 0.155. ತಾಳಿಕೆಯನ್ನು ಹೊರೆಯಿಂದ ಭಾಗಿಸಿದರೆ 1.22. ಒಂದಕ್ಕಿಂತ ಜಾಸ್ತಿ, ಪಾಸು.

ಆದರೆ ಭೂಕಂಪ ಮೇ ತಿಂಗಳಲ್ಲೇ ಆಗಬೇಕೆಂದೇನಿಲ್ಲವಲ್ಲ. ಪಕ್ಕದ ಮನೆಯ ಅಜ್ಜಿಯನ್ನು ಬಾವಿಯ ಬಗ್ಗೆ ಕೇಳಿದೆ. "ಆಷಾಢದಲ್ಲಿ ಹಗ್ಗ ಯಾಕೆ ಬೇಕು ತಮಾ? ಬಗ್ಗಿ ಕೊಡಪಾನ ಮುಳುಗಿಸುದೇ" ಎಂದರು. ಕಟ್ಟೆಯ ಒಳಗೆ, ನೆಲಮಟ್ಟದಿಂದ ಅರ್ಧ ಮೀಟರ್ ಕೆಳಗೆ ಪಾಚಿಯ ಗೆರೆಯೂ ಇತ್ತು. ನೀರನ್ನು 0.5 ಮೀಟರ್‌ಗೆ ಏರಿಸಿ ಲೆಕ್ಕ ಹಾಕಿದೆ. ಒಟ್ಟು ಭಾರ 75 ಆಯಿತು, ಕಾಳು ಹೊರುವುದು ಮಾತ್ರ 41ಕ್ಕೆ ಇಳಿಯಿತು. CSR 0.186. ಉತ್ತರ 0.83. ಅದೇ ಮರಳು, ಅದೇ ಭೂಕಂಪ, ಈಗ ಫೇಲು.

ಒಂದು ಸೂಕ್ಷ್ಮ ಇದೆ. ಪೆಟ್ಟಿನ ಸಂಖ್ಯೆ ಸರಿಹೊಂದಿಸುವಾಗ ಬೋರ್ ಹಾಕಿದ ದಿನದ ನೀರನ್ನೇ ಬಳಸಬೇಕು, ಯಾಕೆಂದರೆ ಸುತ್ತಿಗೆ ಹೊಡೆದದ್ದು ಆ ಒತ್ತಡದಲ್ಲಿ. ಹೊರೆ ಲೆಕ್ಕ ಹಾಕುವಾಗ ಮಾತ್ರ ಮಳೆಗಾಲದ ನೀರು. ಎರಡೂ ಕಡೆ ಮಳೆಗಾಲದ್ದನ್ನೇ ಹಾಕಿದರೆ ಮರಳು ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಇದನ್ನು ಗಮನಿಸದ ವರದಿಗಳು ಬೇಕಾದಷ್ಟಿವೆ.

0.83 ಬಂತೆಂದು ಕಟ್ಟಡ ಮುಳುಗಿಯೇ ಹೋಗುತ್ತದೆ ಅಂತಲ್ಲ. ಅಂಥ ಭೂಕಂಪ, ಅದೂ ಮಳೆಗಾಲದಲ್ಲೇ ಬಂದರೆ ನೆಲ ಕೈಕೊಡಬಹುದು ಅಂತ. ಆದರೆ ಜನ ಮಲಗುವ ಕಟ್ಟಡ. ನಾನು 1.2 ಆದರೂ ಬೇಕೆಂದೆ. ಲೆಕ್ಕವನ್ನು ಹಿಂದಿನಿಂದ ಮಾಡಿದರೆ, ಅದೇ ಆಳದಲ್ಲಿ 7ರ ಬದಲು 11 ಪೆಟ್ಟು ಬರಬೇಕು. ಗುತ್ತಿಗೆದಾರರಿಗೆ ಕೊಟ್ಟ ಗುರಿ ಅದೊಂದೇ ಸಂಖ್ಯೆ. ಅವರು ವೈಬ್ರೇಟರ್ ಇಳಿಸಿ ಜಲ್ಲಿ ಕಂಬ ಹಾಕಿದರು. ಮತ್ತೆ ಪರೀಕ್ಷೆ ಮಾಡಿಸಿದ್ದು ಕಂಬದ ಮೇಲಲ್ಲ, ಕಂಬಗಳ ನಡುವೆ. ಹೆಚ್ಚಿನ ಕಡೆ 12-13 ಬಂತು. ನದಿ ಕಡೆಯ ಒಂದು ಮೂಲೆಯಲ್ಲಿ 8ರ ಮೇಲೆ ಏರಲಿಲ್ಲ. ಕೊಳವೆ ಬಿಚ್ಚಿದರೆ ಬೂದು ಬಣ್ಣದ ಹೂಳು ಬೆರೆತ ಮರಳು. ಅದರಿಂದ ನೀರು ಬೇಗ ಹೊರಹೋಗುವುದಿಲ್ಲ, ಅದಕ್ಕೇ ನಡುಗಿಸಿದರೂ ಗಟ್ಟಿಯಾಗಲಿಲ್ಲ. ಆ ಮೂಲೆಯಲ್ಲಿ ಕಂಬಗಳನ್ನು ಇನ್ನೂ ಹತ್ತಿರ ಹತ್ತಿರ ಹಾಕಿಸಿದೆವು.